ಸರ್ಚ್ ಟ್ರೀಯಲ್ಲಿ ಮೊತ್ತಕ್ಕೆ ಹೊಂದುವ ಜೋಡಿ: ಎರಡು ಸ್ಟ್ಯಾಕ್‌ಗಳಿಂದ ಹುಡುಕುವ ಬಗೆ

ಒಂದು ಬೈನರಿ ಸರ್ಚ್ ಟ್ರೀಯನ್ನು ಕೊಟ್ಟು, ಅದರ ಯಾವ ಎರಡು ನೋಡ್‌ಗಳ ಕೀಗಳನ್ನು ಕೂಡಿದರೆ ಗೊತ್ತುಪಡಿಸಿದ ಮೊತ್ತ ಬರುತ್ತದೆ ಎಂದು ಕೇಳಿದಾಗ ಬಹುತೇಕರು ಸರಿಯಾದ ಉಪಾಯವನ್ನೇ ಹಿಡಿಯುತ್ತಾರೆ. ಅವರು ಎಡವುವುದು ಅದನ್ನು ಕೋಡ್ ಆಗಿ ಬರೆಯುವಾಗ. ಕಲಿಯುವವರ ಕೋಡ್ ತಿದ್ದುತ್ತ ಬಂದ ನನ್ನ ಕಣ್ಣಿಗೆ ಮತ್ತೆ ಮತ್ತೆ ಬಿದ್ದಿರುವುದು ಒಂದೇ ಜಾಗದ ತಪ್ಪು: ಮರವನ್ನು ದೊಡ್ಡ ಕೀಯಿಂದ ಚಿಕ್ಕ ಕೀಯ ಕಡೆಗೆ ನಡೆಸುವ ಭಾಗದಲ್ಲಿ ‘ಎಡ’ ಇರಬೇಕಾದಲ್ಲಿ ‘ಬಲ’, ಇಲ್ಲವೇ ‘ಬಲ’ ಇರಬೇಕಾದಲ್ಲಿ ‘ಎಡ’ ಉಳಿದುಬಿಡುತ್ತದೆ. ಆದ್ದರಿಂದ ಈ ಲೇಖನದ ಹೆಚ್ಚಿನ ಪಾಲು ಆ ಒಂದು ಹೆಜ್ಜೆಗೇ ಮೀಸಲು.

ಉದಾಹರಣೆಗೆ ಏಳು ನೋಡ್‌ಗಳ ಈ ಮರವನ್ನು ಇಟ್ಟುಕೊಳ್ಳೋಣ.

```
          20
        /    \
      11      32
     /  \    /  \
    5   16  27   40
```

ಮೊದಲ ಹಂತ: ವಿಧಾನವನ್ನು ಆರಿಸಿಕೊಳ್ಳುವುದು

ಎಲ್ಲರಿಗೂ ಮೊದಲು ಹೊಳೆಯುವುದು, ಪ್ರತಿ ನೋಡ್‌ಗೂ ಉಳಿದ ಅಂತರವನ್ನು ಲೆಕ್ಕ ಹಾಕಿ ಅದನ್ನು ಮರದಲ್ಲಿ ಹುಡುಕುವ ಕ್ರಮ. ಮೊತ್ತ 43 ಆಗಿದ್ದು ಕೈಯಲ್ಲಿರುವುದು 11 ಆದರೆ 32 ಇದೆಯೇ ಎಂದು ನೋಡುವುದು. ಹೀಗೆ ಹುಡುಕುವವರು ಬೇರಿನಿಂದಲೇ ಹುಡುಕಬೇಕು; 11ರ ಕೆಳಗಿನ ಕೊಂಬೆಗಳಲ್ಲಿ ಮಾತ್ರ ಹುಡುಕಿದರೆ ಬೇರಿನ ಆಚೆ ಬದಿಯಲ್ಲಿರುವ 32 ಸಿಗುವುದೇ ಇಲ್ಲ. ಸರಿಯಾಗಿ ಬರೆದರೂ ಈ ಕ್ರಮದ ವೇಗ ಮರದ ಎತ್ತರವನ್ನು ಅವಲಂಬಿಸಿರುತ್ತದೆ. ಕೀಗಳನ್ನು ಏರಿಕೆಯ ಕ್ರಮದಲ್ಲೇ ಸೇರಿಸುತ್ತ ಹೋಗಿ ಮರವು ಒಂದೇ ಸರಪಳಿಯಾಗಿದ್ದರೆ, ನೋಡ್‌ಗಳ ಸಂಖ್ಯೆಯ ವರ್ಗದಷ್ಟು ಕೆಲಸ ಆಗುತ್ತದೆ.

ಕಂಡ ಕೀಗಳನ್ನೆಲ್ಲ ಒಂದು ಹ್ಯಾಶ್ ಸೆಟ್‌ಗೆ ಹಾಕುತ್ತ ಹೋಗುವುದು ಇನ್ನೊಂದು ದಾರಿ. ಅದು ತಪ್ಪಲ್ಲ, ಆದರೆ ಕ್ರಮವೇ ಇಲ್ಲದ ಯಾವ ಮರದಲ್ಲೂ ಅದು ಹಾಗೆಯೇ ನಡೆಯುತ್ತದೆ; ಇದು ಸರ್ಚ್ ಟ್ರೀ ಎಂಬುದರ ಪ್ರಯೋಜನವನ್ನೇ ಅದು ಪಡೆಯುವುದಿಲ್ಲ. ಮರವನ್ನು ಇನ್‌ಆರ್ಡರ್‌ನಲ್ಲಿ ಸುತ್ತಿ ಕೀಗಳನ್ನೆಲ್ಲ ಒಂದು ಪಟ್ಟಿಗೆ ಇಳಿಸಿ, ಪಟ್ಟಿಯ ಎರಡು ತುದಿಗಳಿಂದ ಒಳಗೆ ಸರಿಯುವುದು ಇದಕ್ಕಿಂತ ಮೇಲು, ಮತ್ತು ಮರ ಚಿಕ್ಕದಾಗಿದ್ದರೆ ನಾನೂ ಅದನ್ನೇ ಬರೆಯುತ್ತೇನೆ. ಆದರೆ ಆ ಪಟ್ಟಿ ನೋಡ್‌ಗಳಷ್ಟೇ ಉದ್ದವಾಗುತ್ತದೆ. ಹತ್ತು ಲಕ್ಷ ನೋಡ್‌ಗಳು ತುಂಬಿಕೊಂಡು ಸಮತೂಕದಲ್ಲಿರುವ ಮರದಲ್ಲಿ ಸುಮಾರು 20 ಮಟ್ಟಗಳಷ್ಟೇ ಇರುತ್ತವೆ. ಇಲ್ಲಿ ವಿವರಿಸುವ ವಿಧಾನ ಅಂಥ ಮರದಲ್ಲಿ ಹತ್ತು ಲಕ್ಷ ಕೀಗಳ ಪಟ್ಟಿಯ ಬದಲು, 20ರ ಆಸುಪಾಸಿನ ಆಳದ ಎರಡು ಸ್ಟ್ಯಾಕ್‌ಗಳಲ್ಲಿ ಕೆಲಸ ಮುಗಿಸುತ್ತದೆ.

ಜಾಗ ಉಳಿಸಲೆಂದು ಮರದ ಕೊಂಡಿಗಳನ್ನೇ ಬಿಚ್ಚಿ, ಅದನ್ನು ಎರಡೂ ಕಡೆಗೆ ಚಲಿಸಬಲ್ಲ ಲಿಂಕ್ಡ್ ಲಿಸ್ಟ್ ಆಗಿ ಮಾರ್ಪಡಿಸುವ ಸಿದ್ಧ ಪರಿಹಾರವೊಂದು ಚಲಾವಣೆಯಲ್ಲಿದೆ. ಅದನ್ನು ದಯವಿಟ್ಟು ಎತ್ತಿಕೊಳ್ಳಬೇಡಿ. ಒಂದು ಜೋಡಿ ಇದೆಯೇ ಎಂಬ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ ಮರವೇ ಉಳಿದಿರುವುದಿಲ್ಲ.

ಎರಡನೆಯ ಹಂತ: ಎರಡು ತುದಿಗಳಲ್ಲಿ ನಿಲ್ಲುವುದು

ಬೇರಿನಿಂದ ಎಡಕ್ಕೇ ಇಳಿಯುತ್ತ, ದಾರಿಯಲ್ಲಿ ಸಿಕ್ಕ ನೋಡ್‌ಗಳನ್ನು ಒಂದು ಸ್ಟ್ಯಾಕ್‌ಗೆ ಹಾಕಬೇಕು; ನಮ್ಮ ಮರದಲ್ಲಿ ಅದು 20, 11, 5 ಆಗುತ್ತದೆ. ಬೇರಿನಿಂದ ಬಲಕ್ಕೇ ಇಳಿಯುತ್ತ ಇನ್ನೊಂದಕ್ಕೆ ಹಾಕಬೇಕು. ಅದು 20, 32, 40. ಮೊದಲನೆಯದರ ಮೇಲ್ತುದಿಯಲ್ಲಿ ಮರದ ಅತಿ ಚಿಕ್ಕ ಕೀ, ಎರಡನೆಯದರ ಮೇಲ್ತುದಿಯಲ್ಲಿ ಅತಿ ದೊಡ್ಡ ಕೀ ಇರುತ್ತದೆ.

ಮೂರನೆಯ ಹಂತ: ಒಂದು ಹೆಜ್ಜೆ ಸರಿಯುವುದು

ಕೆಡುವುದು ಇಲ್ಲಿಯೇ. ಸ್ಟ್ಯಾಕ್‌ನ ಮೇಲ್ತುದಿಯಲ್ಲಿರುವುದು ಈಗ ನಾವು ನಿಂತಿರುವ ನೋಡ್. ಅದರ ಕೆಳಗೆ ಇರುವವು, ನಾವು ದಾಟಿ ಬಂದಿದ್ದರೂ ಇನ್ನೂ ಸರದಿ ಬರದ ಮೇಲಿನ ನೋಡ್‌ಗಳು. ಈ ಎರಡು ಮಾತು ಮನಸ್ಸಿನಲ್ಲಿದ್ದರೆ ಉಳಿದದ್ದು ತಾನಾಗಿಯೇ ಹೊರಡುತ್ತದೆ. ಚಿಕ್ಕದರಿಂದ ದೊಡ್ಡದಕ್ಕೆ ಹೋಗುವ ಸ್ಟ್ಯಾಕ್‌ನಲ್ಲಿ, ಮೇಲಿನ ನೋಡನ್ನು ತೆಗೆದ ಮೇಲೆ, ಅದಕ್ಕಿಂತ ದೊಡ್ಡದಾದ ಆದರೆ ಉಳಿದೆಲ್ಲಕ್ಕಿಂತ ಚಿಕ್ಕದಾದ ಕೀ ಎಲ್ಲಿದೆ ಎಂದು ಕೇಳಿಕೊಳ್ಳಬೇಕು. ಆ ನೋಡ್‌ಗೆ ಬಲ ಮಗು ಇದ್ದರೆ, ಅದು ಆ ಬಲ ಕೊಂಬೆಯ ಅತಿ ಎಡ ತುದಿಯಲ್ಲಿರುತ್ತದೆ. ಆದ್ದರಿಂದ ಒಮ್ಮೆ ಬಲಕ್ಕೆ ಹೋಗಿ, ಅಲ್ಲಿಂದ ಎಡಕ್ಕೇ ಇಳಿಯುತ್ತ ಸಿಕ್ಕಿದ್ದನ್ನೆಲ್ಲ ಸ್ಟ್ಯಾಕ್‌ಗೆ ಹಾಕಬೇಕು. ಬಲ ಮಗು ಇಲ್ಲದಿದ್ದರೆ ಏನನ್ನೂ ಹಾಕಬೇಕಾಗಿಲ್ಲ. ಸ್ಟ್ಯಾಕ್‌ನಲ್ಲಿ ಈಗ ಮೇಲೆ ಬಂದಿರುವ ನೋಡೇ ಮುಂದಿನದು.

ದೊಡ್ಡದರಿಂದ ಚಿಕ್ಕದಕ್ಕೆ ಬರುವ ಸ್ಟ್ಯಾಕ್ ಇದರ ಕನ್ನಡಿ ಬಿಂಬ: ಒಮ್ಮೆ ಎಡಕ್ಕೆ, ಬಳಿಕ ಬಲಕ್ಕೇ ಇಳಿಯುವುದು. ಕನ್ನಡಿಯಲ್ಲಿ ಎರಡು ಕಡೆ ದಿಕ್ಕು ಬದಲಾಗಬೇಕು, ಆದರೆ ಮೊದಲ ತುಣುಕನ್ನು ನಕಲು ಮಾಡಿ ತಿದ್ದುವವರು ಒಂದನ್ನೇ ಬದಲಿಸಿ ಮುಂದೆ ಹೋಗುತ್ತಾರೆ.

ಮೊದಲ ಬಗೆಯ ತಪ್ಪಿನಲ್ಲಿ, ನೋಡನ್ನು ತೆಗೆದ ಮೇಲೆ ಎಡಕ್ಕೆ ಹೋಗುವ ಬದಲು ಬಲಕ್ಕೇ ಹೋಗುತ್ತಾರೆ. ಆಗ ನಮ್ಮ ಮರ 40, 32, 40, 20, 40, 32, 40 ಎಂಬ ಸಾಲನ್ನು ಕೊಟ್ಟು ನಿಲ್ಲುತ್ತದೆ. ಇದು ಕೂಡಲೇ ಕಣ್ಣಿಗೆ ಬೀಳುವುದರಿಂದ ಅಪಾಯ ಕಡಿಮೆ. ಎರಡನೆಯ ಬಗೆ ಮೋಸದ್ದು: ನೋಡನ್ನು ತೆಗೆದ ಮೇಲೆ ಸರಿಯಾಗಿ ಎಡಕ್ಕೆ ಹೋಗುತ್ತಾರೆ, ಆದರೆ ಅಲ್ಲಿಂದ ಬಲಕ್ಕೆ ಇಳಿಯುವ ಬದಲು ಎಡಕ್ಕೇ ಇಳಿಯುತ್ತಾರೆ. ಆಗ ಬರುವ ಸಾಲು 40, 32, 27, 20, 5, 11, 5. ಮೊದಲ ನಾಲ್ಕು ಸರಿಯಾಗಿವೆ. ಬೇರಿನ ಬಲ ಬದಿಯಲ್ಲಿಯೇ ಉತ್ತರ ಸಿಗುವ ಮೊತ್ತಗಳನ್ನು ಕೊಟ್ಟು ಪರೀಕ್ಷಿಸಿದವರಿಗೆ ಎಲ್ಲವೂ ಸರಿಯಿದೆ ಎಂದೇ ಕಾಣುತ್ತದೆ, ಆದರೆ ಮೊತ್ತ 27 ಕೇಳಿದರೆ 11 ಮತ್ತು 16ರ ಜೋಡಿ ಕಣ್ಣೆದುರಿಗೇ ಇದ್ದರೂ ಕೋಡ್ ಅದನ್ನು ಕಾಣುವುದಿಲ್ಲ, ಏಕೆಂದರೆ ಬಲಗಡೆಯ ಸ್ಟ್ಯಾಕ್ 16ರ ಮೇಲೆ ಒಮ್ಮೆಯೂ ನಿಲ್ಲುವುದಿಲ್ಲ.

ಹೀಗಾಗಿ ನನ್ನ ಸಲಹೆ ಎರಡು. ಇಳಿಯುವ ಕೆಲಸವನ್ನು ಎರಡು ಬಾರಿ ಬರೆಯದೆ, ದಿಕ್ಕನ್ನು ಹೇಳುವ ಒಂದು ಗುರುತಿನೊಂದಿಗೆ ಒಂದೇ ಫಂಕ್ಷನ್ ಆಗಿ ಬರೆಯಿರಿ. ಮೇಲೆ ಹೇಳಿದ ಎರಡನೆಯ ಬಗೆಯ ತಪ್ಪಿಗೆ ಆಗ ಜಾಗವೇ ಇರುವುದಿಲ್ಲ. ಜೋಡಿ ಹುಡುಕುವ ಭಾಗವನ್ನು ಬರೆಯುವ ಮೊದಲು ಹಿಮ್ಮುಖ ಸ್ಟ್ಯಾಕನ್ನು ಒಂದನ್ನೇ ಓಡಿಸಿ, ಮೇಲ್ತುದಿಯ ಕೀಗಳನ್ನು ಮುದ್ರಿಸಿ ನೋಡಿ. 40, 32, 27, 20, 16, 11, 5 ಬಂದರೆ ಮಾತ್ರ ಮುಂದುವರಿಯಿರಿ. ಪರೀಕ್ಷೆಗೆ ಬಳಸುವ ಮರದಲ್ಲಿ ಬೇರಿನ ಎಡ ಮಗುವಿಗೆ ಎರಡೂ ಮಕ್ಕಳಿರಲಿ. ಮೂರೇ ನೋಡ್‌ಗಳ ಮರದಲ್ಲಿ ಈ ತಪ್ಪು ಅಡಗಿಕೊಳ್ಳುತ್ತದೆ.

```python
def push(stack, node, forward):
    while node:
        stack.append(node)
        node = node.left if forward else node.right

def advance(stack, forward):
    node = stack.pop()
    push(stack, node.right if forward else node.left, forward)

def find_pair(root, target):
    lo, hi = [], []
    push(lo, root, True)
    push(hi, root, False)
    while lo and lo[-1] is not hi[-1]:
        s = lo[-1].key + hi[-1].key
        if s == target:
            return lo[-1], hi[-1]
        if s < target:
            advance(lo, True)
        else:
            advance(hi, False)
    return None
```

ಒಮ್ಮೆ ಸರಿಯುವಾಗ ಕೆಲವೊಮ್ಮೆ ಹಲವು ನೋಡ್‌ಗಳು ಸ್ಟ್ಯಾಕ್‌ಗೆ ಬೀಳುವುದನ್ನು ಕಂಡು ಇದು ನಿಧಾನವಾಗಬಹುದೆಂದು ಶಂಕಿಸುವವರಿದ್ದಾರೆ. ಪ್ರತಿ ನೋಡ್ ಒಂದು ಸ್ಟ್ಯಾಕ್‌ಗೆ ಹೆಚ್ಚೆಂದರೆ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ಆದ್ದರಿಂದ ಒಟ್ಟು ಕೆಲಸ ನೋಡ್‌ಗಳ ಸಂಖ್ಯೆಗೆ ಅನುಪಾತದಲ್ಲಿಯೇ ಇರುತ್ತದೆ. ಮರವು ಸರಪಳಿಯಂತಿದ್ದರೆ ಸಮಯ ಹೆಚ್ಚುವುದಿಲ್ಲ, ಆದರೆ ಒಂದು ಸ್ಟ್ಯಾಕ್ ನೋಡ್‌ಗಳಷ್ಟೇ ಆಳವಾಗಿ ಜಾಗದ ಉಳಿತಾಯ ಇಲ್ಲವಾಗುತ್ತದೆ. ಹಾಗಿದ್ದರೂ ಇಲ್ಲಿ ರಿಕರ್ಶನ್ ಇಲ್ಲದ್ದರಿಂದ, ಪೈಥಾನ್ ಸಾಮಾನ್ಯವಾಗಿ ಇಟ್ಟುಕೊಂಡಿರುವ 1000 ಕರೆಗಳ ಮಿತಿಗೆ ಕೋಡ್ ಡಿಕ್ಕಿ ಹೊಡೆಯುವುದಿಲ್ಲ.

ನಾಲ್ಕನೆಯ ಹಂತ: ಯಾವ ಕಡೆ ಸರಿಯಬೇಕೆಂದು ನಿರ್ಧರಿಸುವುದು

ಮೊತ್ತ ಕಡಿಮೆ ಬಂದರೆ ಎಡಗಡೆಯ ಸ್ಟ್ಯಾಕ್, ಹೆಚ್ಚು ಬಂದರೆ ಬಲಗಡೆಯದು. ಎಡಗಡೆಯ ಕೀಯನ್ನು ಉಳಿದವುಗಳಲ್ಲಿ ಅತಿ ದೊಡ್ಡದರೊಡನೆ ಕೂಡಿದರೂ ಗುರಿ ಮುಟ್ಟಲಿಲ್ಲವೆಂದರೆ, ಬೇರೆ ಯಾವುದರೊಡನೆ ಕೂಡಿದರೂ ಮುಟ್ಟುವುದಿಲ್ಲ. ಅದನ್ನು ಕೈಬಿಡುವುದರಿಂದ ನಷ್ಟವಿಲ್ಲ. ಬಲಗಡೆಗೂ ಇದೇ ತರ್ಕ.

ಮೊತ್ತ 47 ಎಂದಿಟ್ಟುಕೊಂಡು ನಡೆದು ನೋಡೋಣ. 5 ಮತ್ತು 40 ಸೇರಿ 45, ಕಡಿಮೆ. 5 ಹೋಗಿ 11 ಮೇಲೆ ಬರುತ್ತದೆ. 11 ಮತ್ತು 40 ಸೇರಿ 51, ಹೆಚ್ಚು; 40 ಹೋಗಿ 32 ಬರುತ್ತದೆ. ಈಗ 43, ಕಡಿಮೆ. 11 ಹೋಗುತ್ತದೆ, ಅದಕ್ಕೆ ಬಲ ಮಗು ಇರುವುದರಿಂದ 16 ಸ್ಟ್ಯಾಕ್‌ಗೆ ಬೀಳುತ್ತದೆ. 16 ಮತ್ತು 32 ಸೇರಿ 48, ಹೆಚ್ಚು. 32 ಹೋಗಿ ಅದರ ಎಡ ಮಗು 27 ಬರುತ್ತದೆ. 16 ಮತ್ತು 27 ಸೇರಿ 43, ಕಡಿಮೆ. 16 ಹೋಗುತ್ತದೆ, ಅದಕ್ಕೆ ಮಕ್ಕಳಿಲ್ಲ, ಆದ್ದರಿಂದ ಅಷ್ಟು ಹೊತ್ತು ಕೆಳಗೆ ಕಾದಿದ್ದ ಬೇರು 20 ಮೇಲೆ ಬರುತ್ತದೆ. 20 ಮತ್ತು 27 ಸೇರಿ 47.

ಸಿ ಅಥವಾ ಜಾವಾದಲ್ಲಿ ಬರೆಯುವವರು ಕೂಡುವ ಮುನ್ನ ಕೀಗಳನ್ನು 64 ಬಿಟ್‌ಗೆ ಏರಿಸಿಕೊಳ್ಳಬೇಕು. ಸಾಮಾನ್ಯ 32 ಬಿಟ್ ಪೂರ್ಣಾಂಕದ ಮಿತಿ 2147483647, ಎರಡು ದೊಡ್ಡ ಕೀಗಳು ಸೇರಿದರೆ ಅದನ್ನು ದಾಟಬಹುದು.

ಐದನೆಯ ಹಂತ: ನಿಲ್ಲುವುದು

ಮೊತ್ತ 40 ಕೇಳಿ ನೋಡಿ. 45, 37, 43, 38, 43, 36 ಎಂದು ಏರಿಳಿದ ಮೇಲೆ ಎರಡೂ ಸ್ಟ್ಯಾಕ್‌ಗಳ ತುದಿಯಲ್ಲಿ ಬೇರು 20 ನಿಂತಿರುತ್ತದೆ. 20 ಮತ್ತು 20 ಸೇರಿದರೆ 40 ಹೌದು, ಆದರೆ ಅದು ಒಂದೇ ನೋಡ್. ಇಲ್ಲಿ ಜೋಡಿ ಇಲ್ಲ ಎಂಬುದೇ ಸರಿಯಾದ ಉತ್ತರ. ಇದನ್ನು ತಡೆಯಲು ಅನೇಕರು ಎಡಗಡೆಯ ಕೀ ಬಲಗಡೆಯದಕ್ಕಿಂತ ಚಿಕ್ಕದಾಗಿರುವವರೆಗೆ ಮಾತ್ರ ನಡೆಯಿರಿ ಎಂದು ಬರೆಯುತ್ತಾರೆ. ಕೀಗಳು ಮರುಕಳಿಸದ ಮರದಲ್ಲಿ ಅದು ಸಾಕು. ಆದರೆ ಸಮಾನ ಕೀಗಳಿಗೆ ಅವಕಾಶವಿರುವ ಮರದಲ್ಲಿ 20 ಎಂಬ ಕೀಯ ಎರಡು ಬೇರೆ ಬೇರೆ ನೋಡ್‌ಗಳಿದ್ದರೆ, ಅವು ನಿಜವಾದ ಜೋಡಿ; ಕೀಗಳನ್ನು ಹೋಲಿಸುವ ಷರತ್ತು ಅದನ್ನು ನೋಡುವ ಮೊದಲೇ ನಿಂತುಬಿಡುತ್ತದೆ. ಮೇಲಿನ ಕೋಡ್‌ನಲ್ಲಿ `is not` ಎಂದು ನೋಡ್‌ಗಳನ್ನೇ ಹೋಲಿಸಿರುವುದು ಇದಕ್ಕಾಗಿ. ಪ್ರತಿ ಬಾರಿಯೂ ಒಂದು ಸ್ಟ್ಯಾಕ್ ಮಾತ್ರ ಒಂದೇ ಸ್ಥಾನ ಸರಿಯುವುದರಿಂದ ಎರಡೂ ಒಂದನ್ನೊಂದು ದಾಟಿ ಹೋಗಲಾರವು. ಜೋಡಿ ಇಲ್ಲದಿದ್ದರೆ ಖಂಡಿತ ಯಾವುದಾದರೂ ಒಂದು ನೋಡ್‌ನಲ್ಲಿ ಸಂಧಿಸುತ್ತವೆ. ಮರವೇ ಖಾಲಿ ಇದ್ದಾಗ ಮಾತ್ರ ಸ್ಟ್ಯಾಕ್ ಮೊದಲಿನಿಂದಲೇ ಬರಿದಾಗಿರುತ್ತದೆ, ಷರತ್ತಿನ ಮೊದಲ `lo` ಅದನ್ನು ನೋಡಿಕೊಳ್ಳುತ್ತದೆ.