ಎನ್‌ಕ್ಲೆಕ್ಸ್‌ಗೆ ರೊಕ್ಕ ಕಟ್ಟೋ ಮುಂಚೆ ಆ ಬುಲೆಟಿನ್ ಪೂರ್ತಿ ಓದ್ರಿ

ಬೀದರ್, ಕಲಬುರಗಿ, ಯಾದಗಿರಿಯಲ್ಲಿ ನರ್ಸಿಂಗ್ ಓದಿ, ಮದುವೆಯಾಗಿ ಎಚ್‌-4 ವೀಸಾದ ಮೇಲೆ ಅಮೆರಿಕಕ್ಕೆ ಬಂದವರು ಮೊದಲ ತಿಂಗಳಲ್ಲೇ ಫೋನ್ ಮಾಡಿ ಹೇಳುವ ಮಾತು ಒಂದೇ: "ಅಕ್ಕಾ, ಎನ್‌ಕ್ಲೆಕ್ಸ್‌ಗೆ ರೊಕ್ಕ ಕಟ್ಟಿಬಿಟ್ಟೀನಿ, ಇನ್ನ ಓದೋದು ಅಷ್ಟ ಉಳದದ." ಎನ್‌ಕ್ಲೆಕ್ಸ್ ಎಂದರೆ ಅಮೆರಿಕದಲ್ಲಿ ನರ್ಸಿಂಗ್ ಲೈಸೆನ್ಸಿಗೆ ಬರೆಯಬೇಕಾದ ಪರೀಕ್ಷೆ. ಆದರೆ ಉಳಿದಿರುವುದು ಓದುವುದಷ್ಟೇ ಅಲ್ಲ. ಕಟ್ಟಿದ 200 ಡಾಲರ್ ಕೈಬಿಟ್ಟು ಹೋಗುವ ಗಡಿಯಾರ ಅದೇ ದಿನದಿಂದ ಓಡತೊಡಗಿರುತ್ತದೆ. ಪರೀಕ್ಷೆಯಲ್ಲಿ ಏನು ಕೇಳುತ್ತಾರೆ, ಯಾವ ಪುಸ್ತಕ ಓದಬೇಕು ಎಂಬುದು ಎಲ್ಲರಿಗೂ ಗೊತ್ತು. ಯಾರೂ ತೆರೆದು ನೋಡದ ಪಿಡಿಎಫ್ ಬಗ್ಗೆ ಇಲ್ಲಿ ಬರೆದಿದೆ.

ಅದರ ಹೆಸರು ಎನ್‌ಕ್ಲೆಕ್ಸ್ ಕ್ಯಾಂಡಿಡೇಟ್ ಬುಲೆಟಿನ್. ಪರೀಕ್ಷೆಯ ಒಡೆತನ ಇರುವ ಎನ್‌ಸಿಎಸ್‌ಬಿಎನ್ ಸಂಸ್ಥೆ ಅದನ್ನು ಹೊರತರುತ್ತದೆ. ಪರೀಕ್ಷೆ ನಡೆಸುವುದು ಪಿಯರ್ಸನ್ ವ್ಯೂ. ಆದರೆ ನೀವು ಪರೀಕ್ಷೆಗೆ ಅರ್ಹರೋ ಅಲ್ಲವೋ ಎಂದು ತೀರ್ಮಾನಿಸುವವರು ಇವರಿಬ್ಬರೂ ಅಲ್ಲ, ನೀವು ಲೈಸೆನ್ಸ್ ಕೇಳುವ ರಾಜ್ಯದ ನರ್ಸಿಂಗ್ ಬೋರ್ಡ್. ಬುಲೆಟಿನ್‌ನಲ್ಲಿ ಇದು ಸಣ್ಣ ಮಾತಾಗಿ ಬಂದು ಹೋಗುತ್ತದೆ, ಓದುವವರೂ ದಾಟಿ ಹೋಗುತ್ತಾರೆ. ನಮ್ಮಲ್ಲಿ ಅಧಿಸೂಚನೆ ಬಂದರೆ ಅರ್ಹತೆ, ಶುಲ್ಕ, ಪರೀಕ್ಷೆಯ ದಿನ ಎಲ್ಲ ಒಂದೇ ಕಡೆ ಅಚ್ಚಾಗಿರುತ್ತದೆ. ಇಲ್ಲಿ ಶುಲ್ಕದ ನಿಯಮ ಒಂದು ಕಾಗದದಲ್ಲಿ, ಅರ್ಹತೆಯ ನಿಯಮ ಮತ್ತೊಂದರಲ್ಲಿ. ಬುಲೆಟಿನ್ ಜೊತೆಗೆ ನಿಮ್ಮ ರಾಜ್ಯದ ಬೋರ್ಡಿನ ಅರ್ಜಿ ಸೂಚನೆಯನ್ನೂ ಪಕ್ಕಕ್ಕಿಟ್ಟುಕೊಂಡು ಓದಬೇಕು. ಕ್ಯಾಲಿಫೋರ್ನಿಯಾ ಬೋರ್ಡ್ ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲವೇ ತೆರಿಗೆ ಇಲಾಖೆ ಕೊಡುವ ಐಟಿಐಎನ್ ಸಂಖ್ಯೆ ಕೇಳುತ್ತದೆ. ಕೆಲಸದ ಪರವಾನಗಿ ಇಲ್ಲದ ಎಚ್‌-4ನವರಿಗೆ ಸೋಷಿಯಲ್ ಸಿಗುವುದಿಲ್ಲ. ಅರ್ಜಿಗೆ ಕೂರುವ ಮೊದಲೇ ಇದು ತಿಳಿದಿದ್ದರೆ ಐಟಿಐಎನ್ ಕೆಲಸ ಮುಂಚೆ ಶುರುವಾಗುತ್ತದೆ.

ಈಗ ರೊಕ್ಕ ತಿನ್ನುವ ನಿಯಮಕ್ಕೆ ಬರೋಣ. ಪಿಯರ್ಸನ್ ವ್ಯೂನಲ್ಲಿ ನೋಂದಣಿ ಮಾಡಿ ಶುಲ್ಕ ಕಟ್ಟಿದರೆ ಆ ನೋಂದಣಿ 365 ದಿನ ತೆರೆದಿರುತ್ತದೆ. ಅಷ್ಟರೊಳಗೆ ಬೋರ್ಡ್ ನಿಮ್ಮನ್ನು ಅರ್ಹರೆಂದು ಹೇಳಬೇಕು. ಹೇಳದಿದ್ದರೆ ನೋಂದಣಿ ಮುಚ್ಚುತ್ತದೆ, ಶುಲ್ಕ ಮರಳುವುದಿಲ್ಲ. ತಡ ಬೋರ್ಡಿನದೇ ಆಗಿದ್ದರೂ ಅಷ್ಟೇ. ಇಲ್ಲಿಯೇ ಓದಿದ ಹುಡುಗಿಗೆ ಇದು ತೊಂದರೆಯೇ ಅಲ್ಲ, ಅವಳ ಕಾಲೇಜು ಕೆಲವೇ ದಿನಗಳಲ್ಲಿ ಬೋರ್ಡಿಗೆ ತಿಳಿಸುತ್ತದೆ. ನಿಯಮ ಬರೆದವರ ಕಣ್ಮುಂದೆ ಇದ್ದವಳು ಅವಳೇ, ಬೀದರಿನಿಂದ ಕಾಗದ ತರಿಸಬೇಕಾದವಳಲ್ಲ.

ಲೆಕ್ಕ ಹಾಕಿ ನೋಡೋಣ. ಬೀದರಿನಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿದವರೊಬ್ಬರು 2025ರ ಮಾರ್ಚ್ 3ರಂದು ಪಿಯರ್ಸನ್‌ಗೆ 200 ಡಾಲರ್ ಕಟ್ಟುತ್ತಾರೆ ಎಂದಿಟ್ಟುಕೊಳ್ಳಿ. ಆಮೇಲೆ ಬೋರ್ಡಿನ ಅರ್ಜಿ ತೆರೆದಾಗ, ಹೊರದೇಶದ ಪದವಿಗೆ ಸಿಜಿಎಫ್‌ಎನ್‌ಎಸ್ ಸಂಸ್ಥೆಯ ಮೌಲ್ಯಮಾಪನ ಬೇಕೆಂದು ಗೊತ್ತಾಗುತ್ತದೆ; ಆ ಸಂಸ್ಥೆಯ ಹೆಸರು ಈಗ ಟ್ರೂಮೆರಿಟ್. ಅದಕ್ಕೆ ಅಂಕಗಳ ಮತ್ತು ಕ್ಲಿನಿಕಲ್ ತಾಸುಗಳ ವಿವರ ಕಾಲೇಜಿನಿಂದ ನೇರವಾಗಿ ಹೋಗಬೇಕು, ನೋಂದಣಿಯ ದೃಢೀಕರಣ ಬೆಂಗಳೂರಿನ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಿಂದ ಹೋಗಬೇಕು. ನಿಮ್ಮ ಕೈಯಲ್ಲಿರುವ ಜೆರಾಕ್ಸ್ ನಡೆಯುವುದಿಲ್ಲ. ಮೇ ತಿಂಗಳಲ್ಲಿ ಅಣ್ಣ ಕಾಲೇಜಿಗೆ ಹೋದರೆ ಪ್ರಾಂಶುಪಾಲರು ರಜೆ. ಜುಲೈನಲ್ಲಿ ಫಾರ್ಮ್ ತುಂಬಿದರೆ ಮನೋವೈದ್ಯ ವಿಭಾಗದ ತಾಸುಗಳ ಕಾಲಂ ಖಾಲಿ. ಅದು ತಿದ್ದಿ ಮತ್ತೆ ಹೋಗುವಷ್ಟರಲ್ಲಿ ಅಕ್ಟೋಬರ್. ಪರಿಷತ್ತಿನ ಪತ್ರ ಡಿಸೆಂಬರ್. ವರದಿ ಬೋರ್ಡಿನ ಮೇಜಿಗೆ ಬರುವಾಗ ಫೆಬ್ರವರಿ, ಬೋರ್ಡಿನ ಸರದಿ ಬೇರೆ. 2026ರ ಮಾರ್ಚ್ 3 ದಾಟುತ್ತದೆ. ಏಪ್ರಿಲ್‌ನಲ್ಲಿ ಅರ್ಹತೆ ಸಿಕ್ಕರೂ ಮತ್ತೆ 200 ಡಾಲರ್.

ಆದ್ದರಿಂದ ಕ್ರಮ ತಿರುಗಿಸಿ. ಮೊದಲು ಮೌಲ್ಯಮಾಪನ, ಬೋರ್ಡಿನ ಅರ್ಜಿ. ಕಾಲೇಜಿನ ಮತ್ತು ಪರಿಷತ್ತಿನ ಕಾಗದ ತಲುಪಿವೆ ಎಂದು ಆನ್‌ಲೈನ್ ಖಾತೆಯಲ್ಲಿ ಕಂಡ ಮೇಲೆ ಪಿಯರ್ಸನ್‌ಗೆ ರೊಕ್ಕ. ಮುಂಚೆ ಕಟ್ಟಿದರೆ ಸರದಿಯಲ್ಲಿ ಮುಂದೆ ನಿಲ್ಲಬಹುದು ಎಂಬುದು ಸುಳ್ಳು, ಪಿಯರ್ಸನ್‌ನಲ್ಲಿ ಸರದಿಯೇ ಇಲ್ಲ.

ಅರ್ಹತೆ ಬಂದ ಕೂಡಲೇ ಎರಡನೇ ಗಡಿಯಾರ ಶುರು. ಎಟಿಟಿ ಎಂಬ ಅನುಮತಿ ಪತ್ರ ಇಮೇಲ್‌ನಲ್ಲಿ ಬರುತ್ತದೆ, ಅದರ ಅವಧಿ ಸರಾಸರಿ 90 ದಿನ. ಅದನ್ನು ಯಾವ ಕಾರಣಕ್ಕೂ ವಿಸ್ತರಿಸುವುದಿಲ್ಲ. ಶರಣಬಸವೇಶ್ವರ ಜಾತ್ರೆಗೆಂದು ಊರಿಗೆ ಹೋದಾಗ ಎಟಿಟಿ ಬಂದು ಸ್ಪ್ಯಾಮ್ ಫೋಲ್ಡರಿನಲ್ಲಿ ಕೂತರೂ ದಿನಗಳು ಉರುಳುತ್ತಲೇ ಇರುತ್ತವೆ. ಊರಲ್ಲೇ ಇದ್ದರೆ ಹೈದರಾಬಾದಿನಲ್ಲಿ ಬರೆಯಬಹುದು, ನಮ್ಮವರಿಗೆ ಬೆಂಗಳೂರಿಗಿಂತ ಅದೇ ಹತ್ತಿರ. ಆದರೆ ಅಮೆರಿಕದ ಹೊರಗೆ ಬರೆದರೆ 150 ಡಾಲರ್ ಮತ್ತು ತೆರಿಗೆ ಹೆಚ್ಚು. ಅಲ್ಲಿ ಗುರುತಿಗೆ ಪಾಸ್‌ಪೋರ್ಟ್ ಮಾತ್ರ, ಆಧಾರ್ ತೋರಿಸಿದರೆ ಒಳಗೆ ಬಿಡುವುದಿಲ್ಲ.

ಹೆಸರಿನದು ಇನ್ನೊಂದು ಕಂಟಕ. ಗುರುತಿನ ಚೀಟಿಯಲ್ಲಿರುವ ಮೊದಲ ಹೆಸರು, ಕೊನೆಯ ಹೆಸರು ನೋಂದಣಿಯ ಹೆಸರಿಗೆ ಅಕ್ಷರಶಃ ಹೊಂದಬೇಕು ಎನ್ನುತ್ತದೆ ಬುಲೆಟಿನ್. ನಮ್ಮ ಕಡೆಯ ಅಂಕಪಟ್ಟಿಯಲ್ಲಿ ಅನ್ನಪೂರ್ಣ ಎಸ್., ಪರಿಷತ್ತಿನ ಪ್ರಮಾಣಪತ್ರದಲ್ಲಿ ಅನ್ನಪೂರ್ಣಾ ಪಾಟೀಲ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗವೇ ಖಾಲಿ. ಸರ್‌ನೇಮ್ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ಪೂರ್ತಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ `FNU`, ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ಕೂರುತ್ತದೆ. ಡ್ರೈವಿಂಗ್ ಲೈಸೆನ್ಸಿಗೂ ಅದೇ ಇಳಿಯಬಹುದು. ಹಾಗಾಗಿ ಪರೀಕ್ಷೆಯ ದಿನ ಯಾವ ಚೀಟಿ ಒಯ್ಯುತ್ತೀರಿ ಎಂದು ಮೊದಲು ನಿರ್ಧರಿಸಿ, ಅದನ್ನು ಎದುರಿಗಿಟ್ಟುಕೊಂಡು ಫಾರ್ಮ್ ತುಂಬಿ. ಬಾಯಿಪಾಠದ ಹೆಸರು ಬರೆಯಬೇಡಿ. ಸರ್‌ನೇಮ್ ಖಾಲಿ ಇರುವವರು ಈ ಇಡೀ ಕೆಲಸಕ್ಕೆ ಕೈಹಾಕುವ ಮೊದಲೇ ಪಾಸ್‌ಪೋರ್ಟ್ ಸರಿ ಮಾಡಿಸಿಕೊಂಡರೆ ಮುಂದೆ ಗೋಳಿಲ್ಲ. ನಮ್ಮಲ್ಲಾದರೆ ಹಾಲ್ ಟಿಕೆಟ್‌ನಲ್ಲಿ ಅಕ್ಷರ ತಪ್ಪಿದರೆ ಒಂದು ಅಫಿಡವಿಟ್ ಮಾಡಿಸಿ, ಮೇಲ್ವಿಚಾರಕರ ಕೈಕಾಲು ಹಿಡಿದು ಕೂತುಬಿಡುತ್ತೇವೆ. ಆ ದಯೆ ನಮ್ಮ ವ್ಯವಸ್ಥೆಯದೇ. ಇಲ್ಲಿನವರು ಬೇಕಾದ ದಿನ ಆರಿಸಿಕೊಳ್ಳಲು ಬಿಡುತ್ತಾರೆ, ಅದು ಮೇಲು. ಬಾಗಿಲಲ್ಲಿ ಮಾತ್ರ ಯಾರ ಕರುಣೆಯೂ ನಡೆಯುವುದಿಲ್ಲ, ತಿರುಗಿ ಕಳಿಸಿದರೆ ಹೊಸ ನೋಂದಣಿ, ಹೊಸ ಶುಲ್ಕ.

ಓದುವ ಬಗೆಯೂ ಇದೆ. ಬುಲೆಟಿನ್ ವರ್ಷ ವರ್ಷ ಬದಲಾಗುತ್ತದೆ, ಮುಖಪುಟದ ಇಸವಿ ನೋಡಿ, ವಾಟ್ಸಾಪ್ ಗುಂಪಿನಲ್ಲಿ ತಿರುಗುವ ಹಳೆಯ ಪ್ರತಿ ಬೇಡ. ಒಮ್ಮೆ ಪೂರ್ತಿ ಓದಿದ ಮೇಲೆ ಪಿಡಿಎಫ್‌ನಲ್ಲಿ `refund`, `forfeit`, `extended`, `exactly` ಎಂದು ಒಂದೊಂದಾಗಿ ಹುಡುಕಿ. ರೊಕ್ಕ ಹೋಗುವ ಜಾಗಗಳೆಲ್ಲ ಬಹುಮಟ್ಟಿಗೆ ಈ ನಾಲ್ಕು ಪದಗಳ ಅಕ್ಕಪಕ್ಕವೇ ಸಿಗುತ್ತವೆ. ಸಿಕ್ಕ ಪ್ರತಿ ವಾಕ್ಯದ ಎದುರು ನಿಮ್ಮ ತಾರೀಖು ಬರೆಯಿರಿ: ಕಟ್ಟಿದ ದಿನ, 365ನೇ ದಿನ, ಎಟಿಟಿಯ ಕೊನೆಯ ದಿನ.

ಪರೀಕ್ಷೆಯ ದಿನ ಬದಲಿಸಬೇಕೆಂದರೆ 24 ತಾಸು ಮುಂಚೆ ತಿಳಿಸಬೇಕು. ಇದರಲ್ಲೂ ಒಂದು ಕೊಕ್ಕೆ ಇದೆ: ಶನಿವಾರ, ಭಾನುವಾರ, ಸೋಮವಾರದ ಪರೀಕ್ಷೆಯಾದರೆ ಶುಕ್ರವಾರವೇ ತಿಳಿಸಿರಬೇಕು. ಸೋಮವಾರದ ಪರೀಕ್ಷೆಗೆ ಭಾನುವಾರ ಮುಂಜಾನೆ ಜ್ವರ ಬಂದವರಿಗೆ 24 ತಾಸಿನ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ.