‘ಸೋ ಡೂ ಐ’ಗೆ ಟ್ಯಾಗ್ ದಾರಿ: ನನ್ನ ಅನುಭವ

ಇಂಗ್ಲಿಷ್ ಸಂಭಾಷಣೆಯ ಪ್ರಶ್ನೆಗಳಲ್ಲಿ ಮಾತನಾಡಿದವರ ಅಭಿಪ್ರಾಯಕ್ಕೆ ಒಪ್ಪಿಗೆ ಸೂಚಿಸುವ ಚುಟುಕು ಉತ್ತರವನ್ನು, ಅಂದರೆ ‘ಸೋ ಡೂ ಐ’, ‘ನೈದರ್ ಡಿಡ್ ಶಿ’ ಬಗೆಯದನ್ನು, ಕ್ವೆಶ್ಚನ್ ಟ್ಯಾಗ್, ಅಂದರೆ ವಾಕ್ಯದ ಕೊನೆಗೆ ಸೇರಿಸುವ ‘ಡೋಂಟ್ ಐ’ ಬಗೆಯ ಪುಟ್ಟ ಪ್ರಶ್ನೆಯ ಮೂಲಕ ಕಲಿಸುತ್ತೇನೆ ಎಂದು ನಾನು ಹೇಳಿದಾಗ ಜೊತೆಯ ಶಿಕ್ಷಕರಲ್ಲಿ ಹೆಚ್ಚಿನವರು ನಕ್ಕರು. ‘ಟ್ಯಾಗೇ ಸರಿಯಾಗಿ ಬಾರದವರಿಗೆ ಒಂದು ತಲೆನೋವಿನ ಜೊತೆ ಇನ್ನೊಂದನ್ನು ಗಂಟುಹಾಕುತ್ತೀರಲ್ಲ ಮೇಡಂ’ ಎಂದು ಹಿರಿಯರೊಬ್ಬರು ನೇರವಾಗಿಯೇ ಕೇಳಿದರು. ಈಗ ಅದೇ ತರಗತಿಗಳಲ್ಲಿ ಈ ಬಗೆಯ ಹತ್ತು ಪ್ರಶ್ನೆಗಳಲ್ಲಿ ಎಂಟೊಂಬತ್ತು ಸರಿಯಾಗುತ್ತಿವೆ. ಮೊದಲು ಐದು ದಾಟಿದರೆ ಅದೇ ಹೆಚ್ಚಾಗಿತ್ತು. ಆ ಹಿರಿಯರೂ ಇತ್ತೀಚೆಗೆ ನನ್ನ ವಾಕ್ಯಗಳ ಪಟ್ಟಿಯನ್ನು ಕೇಳಿ ಪಡೆದಿದ್ದಾರೆ.

ಅದಕ್ಕೂ ಮೊದಲು ನಾನು ಹೋದದ್ದು ಎಲ್ಲರೂ ಹೋಗುವ ದಾರಿಯಲ್ಲೇ. ಎಡಗಡೆ ಸಹಾಯಕ ಕ್ರಿಯಾಪದ, ಬಲಗಡೆ ಅದಕ್ಕೆ ಹೊಂದುವ ಉತ್ತರ ಇರುವ ಕೋಷ್ಟಕವನ್ನು ಬಣ್ಣದ ಕಾರ್ಡುಗಳಲ್ಲಿ ಅಚ್ಚು ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ, ಪ್ರತಿ ವಿದ್ಯಾರ್ಥಿಗೂ ಒಂದೊಂದು ಕಟ್ಟು ಕೊಟ್ಟೆ. ಆ ತಿಂಗಳ ಟ್ಯೂಷನ್ ಆದಾಯದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಅದಕ್ಕೇ ಹೋಯಿತು. ಕಾರ್ಡು ಕೈಯಲ್ಲಿದ್ದಷ್ಟು ಹೊತ್ತು ಉತ್ತರ ಸರಿ ಬರುತ್ತಿತ್ತು, ಅದೂ ಸಹಾಯಕ ಕ್ರಿಯಾಪದ ಕಣ್ಣಿಗೆ ಕಾಣುವಂತಿದ್ದರೆ ಮಾತ್ರ. ‘ಐ ಹ್ಯಾವ್ ಟು ಲೀವ್ ಅರ್ಲಿ’ ಎಂಬ ವಾಕ್ಯ ಬಂದ ಕೂಡಲೇ ಅವರು ‘ಹ್ಯಾವ್’ ಕಾರ್ಡು ಹುಡುಕಿ ‘ಸೋ ಹ್ಯಾವ್ ಐ’ ಎಂದು ಗುರುತು ಹಾಕುತ್ತಿದ್ದರು. ಸರಿಯುತ್ತರ ‘ಸೋ ಡೂ ಐ’ ಎಂಬುದಕ್ಕೆ ಕೋಷ್ಟಕದಲ್ಲಿ ಜಾಗವೇ ಇರಲಿಲ್ಲ. ‘ಐ ಹಾರ್ಡ್ಲಿ ಎವರ್ ವಾಚ್ ಟಿವಿ’ ಎಂಬುದಕ್ಕೆ, ‘ನಾಟ್’ ಕಾಣದ ಕಾರಣ, ಇಡೀ ತರಗತಿ ‘ಸೋ ಡೂ ಐ’ ಎಂದಿತು. ಕನ್ನಡದಲ್ಲಿ ‘ನಾನೂ ಅಷ್ಟೇ’ ಎಂದರೆ ಹೌದೆನ್ನುವ ಮಾತಿಗೂ ಇಲ್ಲವೆನ್ನುವ ಮಾತಿಗೂ ಸಾಲುವುದರಿಂದ, ಎರಡನ್ನು ಬೇರ್ಪಡಿಸಿ ನೋಡುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಿಗೆ ತಾನಾಗಿ ಬರುವುದೂ ಇಲ್ಲ.

ಕೋಷ್ಟಕ ಕೊಡದಿದ್ದ ಎರಡು ಸಂಗತಿಗಳನ್ನು ಟ್ಯಾಗ್ ಒಂದೇ ಏಟಿಗೆ ಕೊಡುತ್ತದೆ: ಅಡಗಿರುವ ಸಹಾಯಕ ಕ್ರಿಯಾಪದ ಯಾವುದು, ಮತ್ತು ವಾಕ್ಯ ನಿಜವಾಗಿ ನಿಷೇಧಾರ್ಥಕವೇ ಅಲ್ಲವೇ. ಆಯ್ಕೆಗಳನ್ನು ಕೈಯಿಂದ ಮುಚ್ಚಿಸಿ, ಮೊದಲು ಮಾತನಾಡಿದವರ ವಾಕ್ಯಕ್ಕೆ ಗಟ್ಟಿಯಾಗಿ ಟ್ಯಾಗ್ ಸೇರಿಸಿ ಹೇಳಿಸುತ್ತೇನೆ. ಟ್ಯಾಗಿನಲ್ಲಿ ‘ನಾಟ್’ ಬಂದರೆ ಉತ್ತರ ‘ಸೋ’ ಎಂದು ಆರಂಭವಾಗಬೇಕು. ಬಾರದಿದ್ದರೆ ‘ನೈದರ್’ ಅಥವಾ ‘ನಾರ್’. ಟ್ಯಾಗಿನ ಕ್ರಿಯಾಪದವನ್ನೇ ಉತ್ತರಕ್ಕೆ ಎತ್ತಿಕೊಂಡು, ಉತ್ತರದ ಕರ್ತೃವಿಗೆ ಹೊಂದುವಂತೆ ರೂಪ ಬದಲಿಸಬೇಕು. ‘ಐ ಹ್ಯಾವ್ ಟು ಲೀವ್ ಅರ್ಲಿ’ಗೆ ‘ಡೋಂಟ್ ಐ’ ಎಂಬ ಟ್ಯಾಗ್ ಬರುವುದರಿಂದ ‘ಸೋ ಡೂ ಐ’ ಸಿಗುತ್ತದೆ, ಒಪ್ಪುವವಳು ಅವಳಾದರೆ ‘ಸೋ ಡಸ್ ಶಿ’. ‘ಹಾರ್ಡ್ಲಿ ಎವರ್’ ವಾಕ್ಯಕ್ಕೆ ‘ಡೂ ಐ’ ಎಂಬ ಟ್ಯಾಗ್ ಬರುವುದರಿಂದ ಉತ್ತರ ‘ನೈದರ್ ಡೂ ಐ’. ‘ಐ ಡಿಸ್‌ಲೈಕ್ ಕ್ರೌಡ್ಸ್’ ಎಂಬುದು ಅರ್ಥದಲ್ಲಿ ನಿಷೇಧದಂತೆ ಕಂಡರೂ ಅದರ ಟ್ಯಾಗ್ ‘ಡೋಂಟ್ ಐ’ ಆದ್ದರಿಂದ ಉತ್ತರ ‘ಸೋ ಡೂ ಐ’ ಆಗುತ್ತದೆ. ಈ ಒಂದನ್ನು ವಿವರಿಸಲು ನಾನು ಹಿಂದೆ ಅರ್ಧ ತರಗತಿ ಕಳೆಯುತ್ತಿದ್ದೆ.

ಒಂದು ಪ್ರಶ್ನೆಯನ್ನು ಪೂರ್ತಿ ಬಿಡಿಸಿ ತೋರಿಸುತ್ತೇನೆ, ಏಕೆಂದರೆ ವಿರೋಧಿಸಿದವರು ನನ್ನ ಮುಂದಿಟ್ಟದ್ದು ಇದನ್ನೇ. ಮೊದಲನೆಯವರ ಮಾತು ‘ಐ’ಡ್ ನೆವರ್ ಹರ್ಡ್ ಆಫ್ ಹಿಮ್ ಬಿಫೋರ್’. ಆಯ್ಕೆಗಳು ‘ಸೋ ಹ್ಯಾಡ್ ಐ’, ‘ನೈದರ್ ಡಿಡ್ ಐ’, ‘ನೈದರ್ ವುಡ್ ಐ’, ‘ನೈದರ್ ಹ್ಯಾಡ್ ಐ’. ‘ನೆವರ್’ ಇರುವುದರಿಂದ ಟ್ಯಾಗಿನಲ್ಲಿ ‘ನಾಟ್’ ಬರುವುದಿಲ್ಲ, ಹಾಗಾಗಿ ಮೊದಲನೆಯ ಆಯ್ಕೆ ತಾನಾಗಿ ಬಿದ್ದುಹೋಗುತ್ತದೆ. ‘ಹರ್ಡ್’ ಎಂಬ ಭೂತಕಾಲದ ರೂಪವನ್ನು ಮಾತ್ರ ಕಂಡವರು ‘ಡಿಡ್’ ಹಿಡಿಯುತ್ತಾರೆ. ಆದರೆ ಸಂಕ್ಷಿಪ್ತವಾಗಿ ಒಂದು ಸಹಾಯಕ ಕ್ರಿಯಾಪದ ಅಲ್ಲಿ ಆಗಲೇ ಕುಳಿತಿರುವಾಗ ‘ಡಿಡ್’ಗೆ ಕೆಲಸವಿಲ್ಲ. ಆ ಸಂಕ್ಷಿಪ್ತ ರೂಪ ‘ವುಡ್’ ಆಗಿದ್ದರೆ ಮುಂದೆ ‘ಹಿಯರ್’ ಎಂಬ ಮೂಲರೂಪ ಬರಬೇಕಿತ್ತು, ಬಂದಿರುವುದು ಮೂರನೆಯ ರೂಪ. ಆದ್ದರಿಂದ ಟ್ಯಾಗ್ ‘ಹ್ಯಾಡ್ ಐ’, ಉತ್ತರ ‘ನೈದರ್ ಹ್ಯಾಡ್ ಐ’. ಇದರ ಪಕ್ಕದಲ್ಲೇ ‘ಐ’ಡ್ ರಾದರ್ ಸ್ಟೇ ಹೋಮ್’ ಇಟ್ಟು ‘ಸೋ ವುಡ್ ಐ’ ಹೇಳಿಸಿದರೆ ವ್ಯತ್ಯಾಸ ಮನಸ್ಸಿನಲ್ಲಿ ನಿಲ್ಲುತ್ತದೆ. ಇಂಥ ಜೋಡಿಗಳನ್ನು ಯಾವ ಕ್ರಮದಲ್ಲಿ ಕೊಡುತ್ತೇನೆ ಎಂಬುದೇ ನನ್ನ ತರಗತಿಯ ಬಂಡವಾಳವಾದ್ದರಿಂದ ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಉತ್ತರವನ್ನು ಮೊದಲು ಕೊಟ್ಟು, ಅದಕ್ಕೆ ಹೊಂದುವ ಮೊದಲ ಮಾತನ್ನು ಬರೆಯಲು ಹೇಳಿದೆ. ‘ಸೋ ಡಿಡ್ ವಿ’ ಕೊಟ್ಟಾಗ ಬಹುಪಾಲು ಮಂದಿ ‘ದೇ ವೆಂಟ್’ ಎಂಬಂಥ ಸರಳ ವಾಕ್ಯ ಬರೆದರೆ, ಇಬ್ಬರು ಮೂವರು ‘ದೇ ಯೂಸ್ಡ್ ಟು ಲಿವ್ ಹಿಯರ್’ ಎಂದು ಬರೆದು ನನ್ನನ್ನೇ ಬೆರಗುಗೊಳಿಸಿದರು. ಇದೇ ಅಭ್ಯಾಸವನ್ನು ಕೇಳಿಸಿ ಬರೆಸುವ ರೀತಿಯಲ್ಲಿ ಮಾಡಿದಾಗ ಮಾತ್ರ ಫಲ ಸಿಗಲಿಲ್ಲ, ಏಕೆಂದರೆ ವೇಗದ ಮಾತಿನಲ್ಲಿ ಆ ಪುಟ್ಟ ‘ಡ್’ ಕಿವಿಗೇ ಬೀಳುವುದಿಲ್ಲ. ಅದಕ್ಕೆಂದು ಕೊಂಡ ಸ್ಪೀಕರ್ ಈಗ ಬೇರೆ ಪಾಠಗಳಿಗೆ ಬಳಕೆಯಾಗುತ್ತಿದೆ, ಹಣ ಪೂರ್ತಿ ನೀರಿಗೆ ಹೋಗಲಿಲ್ಲ ಎಂಬುದಷ್ಟೇ ಸಮಾಧಾನ.

ಟ್ಯಾಗ್ ಕೈಕೊಡುವ ಸ್ಥಳಗಳು ನನಗೆ ತಿಳಿದಂತೆ ಮೂರು. ‘ಐ ಆಮ್’ ವಾಕ್ಯಕ್ಕೆ ‘ಆರಂಟ್ ಐ’ ಎಂಬ ಟ್ಯಾಗ್ ಬರುವುದರಿಂದ ಅದನ್ನು ಹಾಗೇ ಎತ್ತಿಕೊಂಡವರು ‘ಸೋ ಆರ್ ಐ’ ಎಂದು ಬರೆಯುತ್ತಾರೆ. ಅಲ್ಲಿ ಟ್ಯಾಗ್ ಬಿಟ್ಟು ನೇರವಾಗಿ ‘ಸೋ ಆಮ್ ಐ’ ಎನ್ನಬೇಕೆಂದು ಮೊದಲ ದಿನವೇ ಹೇಳಿಬಿಡುತ್ತೇನೆ. ಎರಡನೆಯದು ಪದಗಳ ಕ್ರಮ. ‘ಯೂ’ವ್ ಲೆಫ್ಟ್ ದ ಲೈಟ್ ಆನ್’ ಎಂದು ಯಾರಾದರೂ ಹೇಳಿದಾಗ, ‘ಅರೆ, ಹೌದಲ್ಲ’ ಎಂದು ಆ ಮಾತನ್ನೇ ಖಚಿತಪಡಿಸುವ ಉತ್ತರ ‘ಸೋ ಐ ಹ್ಯಾವ್’. ನಾನೂ ಹಾಗೇ ಮಾಡಿದ್ದೇನೆ ಎನ್ನುವ ‘ಸೋ ಹ್ಯಾವ್ ಐ’ ಬೇರೆಯೇ. ಪ್ರಶ್ನೆ ತಯಾರಿಸುವವರು ಇವೆರಡನ್ನೂ ಆಯ್ಕೆಗಳಲ್ಲಿ ಒಟ್ಟಿಗೆ ಇಟ್ಟರೆ, ಉತ್ತರದ ಕರ್ತೃ ಮೊದಲ ಮಾತಿನಲ್ಲಿ ಹೇಳಿದ ವ್ಯಕ್ತಿಯೋ ಅಥವಾ ಬೇರೊಬ್ಬರೋ ಎಂದು ನೋಡದೆ ಗುರುತು ಹಾಕಬಾರದು.

ಮೂರನೆಯದು ಎಲ್ಲಕ್ಕಿಂತ ತೊಡಕಿನದು. ‘ಐ ಡೋಂಟ್ ಥಿಂಕ್ ಹಿ ವಿಲ್ ಕಮ್’ ಎಂಬ ವಾಕ್ಯದ ಸಹಜ ಟ್ಯಾಗ್ ‘ವಿಲ್ ಹಿ’, ಆದರೆ ಒಪ್ಪಿಗೆಯ ಉತ್ತರ ‘ನೈದರ್ ಡೂ ಐ’, ಏಕೆಂದರೆ ಒಪ್ಪುವವರು ಹಂಚಿಕೊಳ್ಳುತ್ತಿರುವುದು ಅವನು ಬರುವ ಸಂಗತಿಯನ್ನಲ್ಲ, ಮಾತನಾಡಿದವರ ಅನಿಸಿಕೆಯನ್ನು. ‘ಐ ಥಿಂಕ್’, ‘ಐ ಸಪೋಸ್’, ‘ಐ ಬಿಲೀವ್’ ಎಂದು ಆರಂಭವಾಗುವ ವಾಕ್ಯಗಳಲ್ಲಿ ಆ ಮೊದಲ ತುಂಡಿನ ಕೊನೆಗೆ ಪೆನ್ಸಿಲ್‌ನಿಂದ ಗೆರೆ ಎಳೆಸಿ, ಗೆರೆಯ ಎಡಗಡೆ ಉಳಿದಷ್ಟಕ್ಕೆ ಮಾತ್ರ ಉತ್ತರ ಕಟ್ಟಲು ಹೇಳುತ್ತೇನೆ. ಗೆರೆ ಎಳೆಯುವುದನ್ನು ಬಿಟ್ಟವರು ಈಗಲೂ ‘ನೈದರ್ ವಿಲ್ ಐ’ ಎಂದೇ ಬರೆಯುತ್ತಾರೆ.