ಐದು ಜನರನ್ನು ಕೂರಿಸಿ ಆ್ಯಪ್ ಪರೀಕ್ಷಿಸುವುದು ಹೇಗೆ?

ಟಿಕೆಟ್ ಬುಕ್ ಮಾಡುವ ಆ್ಯಪ್ ಒಂದಿದೆ ಅಂದುಕೊಳ್ಳಿ. ಜನ ಅದರಲ್ಲಿ ಎಲ್ಲಿ ಎಡವುತ್ತಾರೆ ಅಂತ ನೋಡಲು ಐವರು ಸಾಕು. ಆದರೆ ಅವರು ಆ್ಯಪ್ ಕಟ್ಟಿದ ತಂಡದವರಾಗಿರಬಾರದು, ನಿಜವಾಗಿ ಟಿಕೆಟ್ ಕೊಳ್ಳುವವರಾಗಿರಬೇಕು.

ಐದೇ ಯಾಕೆ? ಸಂಶೋಧಕರಾದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡೌರ್ 1993ರಲ್ಲಿ ಈ ಲೆಕ್ಕ ಕೊಟ್ಟರು. ಅವರು ನೋಡಿದ ಪರೀಕ್ಷೆಗಳಲ್ಲಿ ಒಬ್ಬೊಬ್ಬರೂ ಸರಾಸರಿ 31% ತೊಂದರೆಗಳನ್ನು ಹೊರಗೆ ತರುತ್ತಿದ್ದರು. ಒಬ್ಬರಿಗೆ ಕಂಡದ್ದೇ ಇನ್ನೊಬ್ಬರಿಗೂ ಕಾಣುವುದುಂಟು, ಅದನ್ನು ಲೆಕ್ಕಕ್ಕೆ ಹಿಡಿದರೆ ಐವರಿಂದ ಸುಮಾರು 85% ಸಿಗುತ್ತದೆ. ಇದು ಎದ್ದು ಕಾಣುವ ತೊಂದರೆಗಳ ಮಾತು. ಹತ್ತರಲ್ಲಿ ಒಬ್ಬರನ್ನು ಮಾತ್ರ ಕಾಡುವ ತೊಂದರೆ ಐವರಲ್ಲಿ ಒಮ್ಮೆಯಾದರೂ ಕಣ್ಣಿಗೆ ಬೀಳುವ ಸಾಧ್ಯತೆ 41% ಅಷ್ಟೇ.

ಮೊದಲು ಕೆಲಸಗಳನ್ನು ಬರೆದಿಟ್ಟುಕೊಳ್ಳಿ. ಪರದೆಯ ಮೇಲಿರುವ ಪದವನ್ನೇ ಪ್ರಶ್ನೆಯಲ್ಲಿ ಬಳಸಿದರೆ ಉತ್ತರ ಹೇಳಿಕೊಟ್ಟಂತೆ, ಅಲ್ವಾ? ‘ದಿನಾಂಕ ಬದಲಿಸಿ’ ಅನ್ನುವ ಬಟನ್ ಇದ್ದರೆ ಹೀಗೆ ಕೇಳಿ: “ನಿಮ್ಮ ಪ್ರಯಾಣ ಶುಕ್ರವಾರದಿಂದ ಭಾನುವಾರಕ್ಕೆ ಹೋಯಿತು. ಈ ಟಿಕೆಟ್ ಇಟ್ಟುಕೊಂಡು ಏನು ಮಾಡ್ತೀರಿ?”

ಕೆಲಸ ಮಾಡುತ್ತಲೇ ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳಲು ಒಬ್ಬೊಬ್ಬರಿಗೂ ತಿಳಿಸಿ. ಇದು ಯಾರಿಗೂ ಸಹಜವಲ್ಲ. ಹಾಗಾಗಿ ಬೇರೆ ಯಾವುದಾದರೂ ಆ್ಯಪ್‌ನಲ್ಲಿ ಎರಡು ನಿಮಿಷ ಅಭ್ಯಾಸ ಮಾಡಿಸಿ. ಮಾತು ನಿಂತರೆ “ಮಾತಾಡ್ತಾ ಇರಿ” ಅಂದರೆ ಸಾಕು. “ಯಾಕೆ ಅದನ್ನು ಒತ್ತಿದಿರಿ?” ಅಂತ ನಡುವೆ ಕೇಳಬೇಡಿ, ಅವರು ಆಗಲೇ ಕಾರಣ ಹುಡುಕಲು ಶುರುಮಾಡುತ್ತಾರೆ, ನಡವಳಿಕೆಯೂ ಬದಲಾಗುತ್ತದೆ. “ಇದನ್ನು ಒತ್ತಲಾ?” ಅಂತ ಅವರೇ ಕೇಳಿದರೆ “ನಾನು ಇಲ್ಲಿ ಇಲ್ಲದಿದ್ದರೆ ಏನು ಮಾಡ್ತಿದ್ರಿ?” ಅನ್ನಿ. ಸುಮ್ನೆ ಕೂರುವುದೇ ಇದರಲ್ಲಿ ಕಷ್ಟದ ಕೆಲಸ. ಎಷ್ಟು ಹೊತ್ತು ಹಿಡಿಯಿತು ಅಂತ ಅಳೆಯಬೇಡಿ, ಮಾತಾಡುತ್ತಾ ಮಾಡುವಾಗ ವೇಗ ಬದಲಾಗುತ್ತದೆ.

ಮಾಡಿದ್ದನ್ನು ಒಂದು ಕಡೆ, ಹೇಳಿದ್ದನ್ನು ಇನ್ನೊಂದು ಕಡೆ ಬರೆಯಿರಿ. ದಾರಿ ಸಿಗದೆ ಪರದಾಡಿದವರೂ ಕೊನೆಗೆ “ಚೆನ್ನಾಗಿದೆ” ಅನ್ನುತ್ತಾರೆ. ಅಲ್ಲಿ ಪರದಾಟವನ್ನೇ ನಂಬಿ.

ಈಗ ಯಾವುದನ್ನು ಮೊದಲು ತಿದ್ದಬೇಕು? ಮೂರು ತೊಂದರೆ ಸಿಕ್ಕಿವೆ ಅನ್ನೋಣ. ದಿನಾಂಕ ಬದಲಿಸುವ ಬಟನ್ ನಾಲ್ವರಿಗೆ ಸಿಗಲೇ ಇಲ್ಲ. ಕ್ಯಾಲೆಂಡರ್‌ನ ಬಾಣ ಚಿಕ್ಕದಾಗಿ ಐವರೂ ಒಂದೆರಡು ಸಲ ತಪ್ಪಾಗಿ ಒತ್ತಿದರು, ಆದರೂ ಕೆಲಸ ಮುಗಿಸಿದರು. ಹಣ ಹೋಯಿತೋ ಇಲ್ಲವೋ ತಿಳಿಯದೆ ಒಬ್ಬರು ಎರಡು ಸಲ ಪಾವತಿಸಿದರು. ಪೆಟ್ಟಿನ ತೀವ್ರತೆಗೆ 1ರಿಂದ 3ರವರೆಗೆ ಅಂಕ ಕೊಡೋಣ: ಬಟನ್‌ಗೆ 3, ಬಾಣಕ್ಕೆ 1, ಪಾವತಿಗೆ 3. ಇದನ್ನು ಜನರ ಸಂಖ್ಯೆಯಿಂದ ಗುಣಿಸಿದರೆ ಕ್ರಮವಾಗಿ 12, 5 ಮತ್ತು 3 ಬರುತ್ತದೆ. ಪಾವತಿ ಕೊನೆಗೆ ಬಿತ್ತು!

ಈ ಕ್ರಮವನ್ನು ಹಾಗೆಯೇ ಒಪ್ಪಬೇಡಿ. ಐವರಲ್ಲಿ ಒಬ್ಬರು ಅಂದರೆ ಹೊರಗೆ ನೂರಕ್ಕೆ ಎಷ್ಟು ಜನ ಅಂತ ಹೇಳಲಾಗದು. ಹಣ ಅಥವಾ ಮಾಹಿತಿ ಕಳೆಯುವ ತೊಂದರೆ ಒಮ್ಮೆ ಕಂಡರೂ ಅದನ್ನು ಮೇಲಕ್ಕೆ ತನ್ನಿ. ನನ್ನ ಪಟ್ಟಿಯಲ್ಲಿ ಪಾವತಿ ಮೊದಲು, ಬಟನ್ ಆಮೇಲೆ, ಬಾಣ ಕೊನೆಗೆ. ತಿದ್ದಿದ ಮೇಲೆ ಹೊಸ ಐವರನ್ನು ಕರೆಯಿರಿ, ಹಳಬರಿಗೆ ಆಗಲೇ ದಾರಿ ಗೊತ್ತಾಗಿರುತ್ತದೆ.